ಡಾಲರು ರೂಪಾಯಿಯಾಗುವಾಗ ಕರಗುವ ಹಣ

ಚನ್ನಪಟ್ಟಣದ ಮರದ ಗೊಂಬೆಯೊಂದು ಅಮೆರಿಕದ ಮನೆ ತಲುಪಿ, ಅದರ ಬೆಲೆ ಡಾಲರಿನಲ್ಲಿ ಪಾವತಿಯಾಗಿ, ಆ ಡಾಲರು ರೂಪಾಯಿಯಾಗಿ ಮಾರಾಟಗಾರರ ಬ್ಯಾಂಕ್ ಖಾತೆಗೆ ಬೀಳುವ ಹೊತ್ತಿಗೆ ಹಲವರು ಅದರಿಂದ ತಮ್ಮ ಪಾಲು ತೆಗೆದುಕೊಂಡಿರುತ್ತಾರೆ. ಆನ್‌ಲೈನ್ ಮಾರುಕಟ್ಟೆಯ ಕಮಿಷನ್, ಜಾಹೀರಾತಿನ ಖರ್ಚು, ಸಾಗಣೆ, ಪಾವತಿ ಸಂಸ್ಥೆಯ ಶುಲ್ಕ ಇವೆಲ್ಲ ಸೆಟಲ್‌ಮೆಂಟ್ ವರದಿಯಲ್ಲಿ ಒಂದೊಂದು ಸಾಲಾಗಿ ಕಾಣುತ್ತವೆ. ಮಾರಾಟಗಾರರು ಅವನ್ನು ಓದುತ್ತಾರೆ, ಬೈಯುತ್ತಾರೆ, ಬೆಲೆ ನಿಗದಿ ಮಾಡುವಾಗ ಲೆಕ್ಕಕ್ಕೂ ಹಿಡಿಯುತ್ತಾರೆ. ಆದರೆ ಇನ್ನೊಂದು ಕಡಿತಕ್ಕೆ ಸಾಲೇ ಇರುವುದಿಲ್ಲ. ಅದು ಡಾಲರನ್ನು ರೂಪಾಯಿಗೆ ಬದಲಿಸುವ ದರದ ಒಳಗೇ ಕುಳಿತಿರುತ್ತದೆ. ವರದಿಯ ಕೊನೆಯಲ್ಲಿ ಇಷ್ಟು ಡಾಲರ್ ಎಂದಿರುತ್ತದೆ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇಷ್ಟು ರೂಪಾಯಿ ಎಂದಿರುತ್ತದೆ. ಎರಡರ ನಡುವೆ ಏನು ನಡೆಯಿತು ಎಂದು ಯಾರೂ ಬರೆದು ತಿಳಿಸುವುದಿಲ್ಲ.

ನಾನು ಈ ವಿಷಯದ ಬೆನ್ನು ಹತ್ತಿದ್ದು ಸಣ್ಣ ರಫ್ತುದಾರರ ಲೆಕ್ಕದ ಹಾಳೆಗಳನ್ನು ನೋಡುತ್ತಾ. ಅವರಲ್ಲಿ ಹೆಚ್ಚಿನವರು ವಿದ್ಯಾವಂತರು, ಲೆಕ್ಕದಲ್ಲಿ ಚುರುಕಾದವರು, ಕೊರಿಯರ್ ಬಿಲ್ಲಿನಲ್ಲಿ ಐವತ್ತು ರೂಪಾಯಿ ಹೆಚ್ಚಾದರೆ ಕರೆ ಮಾಡಿ ಜಗಳವಾಡುವವರು. ಅಂಥವರೂ ಪರಿವರ್ತನೆ ದರದ ಮುಂದೆ ಸುಮ್ಮನಾಗುತ್ತಾರೆ. ಕಾರಣ ಕೇಳಿದರೆ "ಡಾಲರ್ ರೇಟ್ ದಿನಾ ಏರಿಳಿಯುತ್ತೆ ಸಾರ್, ಅವತ್ತು ಕಮ್ಮಿ ಇತ್ತೇನೋ" ಎನ್ನುತ್ತಾರೆ. ಈ ಉತ್ತರವೇ ಆ ಕಡಿತವನ್ನು ಇಷ್ಟು ವರ್ಷ ಕಾಪಾಡಿಕೊಂಡು ಬಂದಿದೆ. ದರ ಏರಿಳಿಯುವುದು ನಿಜ. ಆದರೆ ಏರಿಳಿಯುವುದು ಬೇರೆ, ಪ್ರತಿಸಲವೂ ಒಂದೇ ಪ್ರಮಾಣದಲ್ಲಿ ಕೆಳಗಿರುವುದು ಬೇರೆ. ಇವೆರಡನ್ನು ಬೇರ್ಪಡಿಸಿ ನೋಡುವುದು ಕಷ್ಟವಲ್ಲ. ಅದಕ್ಕೆ ಮೊದಲು ದರ ಎನ್ನುವುದು ಎಲ್ಲಿಂದ ಬರುತ್ತದೆ ಎಂದು ತಿಳಿದಿರಬೇಕು.

ಬ್ಯಾಂಕುಗಳು ತಮ್ಮತಮ್ಮಲ್ಲಿ ಕೋಟಿಗಟ್ಟಲೆ ಡಾಲರನ್ನು ಕೊಂಡು ಮಾರುವ ಸಗಟು ಮಾರುಕಟ್ಟೆ ಒಂದಿದೆ. ಅಲ್ಲಿ ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ಇರುವ ಅಂತರ ಸಾಮಾನ್ಯ ದಿನಗಳಲ್ಲಿ ತೀರಾ ಚಿಕ್ಕದು, ಪೈಸೆಯ ಲೆಕ್ಕದ್ದು. ಆ ಎರಡು ಬೆಲೆಗಳ ನಡುವಿನ ಬಿಂದುವನ್ನೇ ಗೂಗಲ್‌ನಂಥ ಜಾಲತಾಣಗಳು ಇವತ್ತಿನ ದರ ಎಂದು ತೋರಿಸುತ್ತವೆ. ಭಾರತದಲ್ಲಿ ಇದಕ್ಕೊಂದು ಅಧಿಕೃತ ಅಳತೆಯೂ ಇದೆ. ಮೊದಲು ರಿಸರ್ವ್ ಬ್ಯಾಂಕೇ ಪ್ರಕಟಿಸುತ್ತಿದ್ದ ರೆಫರೆನ್ಸ್ ದರವನ್ನು 2018ರ ಜುಲೈನಿಂದ ಎಫ್‌ಬಿಐಎಲ್ ಎಂಬ ಸಂಸ್ಥೆ ಪ್ರಕಟಿಸುತ್ತಿದೆ. ಬೆಳಗಿನ ವಹಿವಾಟಿನಲ್ಲಿ ನಿಜವಾಗಿ ನಡೆದ ವ್ಯವಹಾರಗಳನ್ನು ಆಧರಿಸಿ, ಬ್ಯಾಂಕುಗಳ ಪ್ರತಿ ಕೆಲಸದ ದಿನ ಮಧ್ಯಾಹ್ನ ಡಾಲರ್, ಯೂರೊ, ಪೌಂಡ್, ಯೆನ್‌ಗಳಿಗೆ ಅದು ದರ ಕೊಡುತ್ತದೆ. ಹಳೆಯ ತಾರೀಖಿನ ದರವನ್ನೂ ಹುಡುಕಿ ತೆಗೆಯಬಹುದು.

ಈ ದರ ಸಣ್ಣ ಮಾರಾಟಗಾರರ ಕೈಗೆ ಸಿಗುವುದಿಲ್ಲ. ಸಿಗಬೇಕೆಂದು ಹಟ ಹಿಡಿಯುವುದೂ ಸರಿಯಲ್ಲ, ಹಣ ಬದಲಿಸಿಕೊಡುವವರಿಗೂ ಖರ್ಚಿದೆ. ಪ್ರಶ್ನೆ ಇರುವುದು ಎಷ್ಟು ಕಡಿಮೆ ಸಿಗುತ್ತದೆ, ಅದನ್ನು ಮುಂಚೆ ಹೇಳಿದ್ದರೋ ಇಲ್ಲವೋ ಎಂಬುದರಲ್ಲಿ. ಪಾವತಿ ಸಂಸ್ಥೆ ಸಗಟು ದರಕ್ಕಿಂತ ಒಂದಿಷ್ಟು ಕೆಳಗೆ ತನ್ನದೇ ದರವೊಂದನ್ನು ಇಟ್ಟುಕೊಳ್ಳುತ್ತದೆ. ಆ ಅಂತರವನ್ನು ವ್ಯಾಪಾರದವರು ಮಾರ್ಜಿನ್ ಅಥವಾ ಸ್ಪ್ರೆಡ್ ಎನ್ನುತ್ತಾರೆ. ಪೇಪಾಲ್ ತನ್ನ ಒಪ್ಪಂದದಲ್ಲಿ, ತಾನು ಬಳಸುವ ವಿನಿಮಯ ದರದಲ್ಲೇ ಕರೆನ್ಸಿ ಪರಿವರ್ತನೆಯ ಶುಲ್ಕ ಸೇರಿದೆ ಎಂದು ಹೇಳುತ್ತದೆ. ಅದು ಹಲವು ದೇಶಗಳ ಶುಲ್ಕಪಟ್ಟಿಯಲ್ಲಿ ಶೇಕಡಾ 3 ಅಥವಾ 4ರಷ್ಟಿದೆ. ಎಟ್ಸಿಯಲ್ಲಿ ಸರಕಿಗೆ ಬೆಲೆ ಹಾಕಿದ ಕರೆನ್ಸಿಯೂ ಪಾವತಿ ಖಾತೆಯ ಕರೆನ್ಸಿಯೂ ಬೇರೆಬೇರೆಯಾಗಿದ್ದರೆ ಶೇಕಡಾ 2.5 ಹೋಗುತ್ತದೆ. ಅಮೆಜಾನ್‌ನ ಪರಿವರ್ತನೆ ಸೇವೆಯಲ್ಲಿ ವಹಿವಾಟು ಹೆಚ್ಚಾದಂತೆ ಶುಲ್ಕದ ಪ್ರಮಾಣ ಇಳಿಯುತ್ತದೆ. ಅಂದರೆ ದೊಡ್ಡ ವ್ಯಾಪಾರಿಗೆ ಒಂದು ದರ, ಚಿಕ್ಕ ವ್ಯಾಪಾರಿಗೆ ಇನ್ನೊಂದು ದರ. ಇವೆಲ್ಲ ಒಪ್ಪಂದದ ಪುಟಗಳಲ್ಲಿ ಬರೆದೇ ಇವೆ, ಕಾನೂನಿನ ದೃಷ್ಟಿಯಲ್ಲಿ ಮುಚ್ಚಿಟ್ಟದ್ದಲ್ಲ. ಆದರೆ ಹಣ ಬರುವ ದಿನ, ಆ ದಿನದ ಮೊತ್ತದ ಮೇಲೆ, ಇಷ್ಟು ರೂಪಾಯಿ ಹೋಯಿತು ಎಂದು ಕಾಣಿಸದಿದ್ದರೆ ಅದು ಬಚ್ಚಿಟ್ಟದ್ದಕ್ಕೆ ಸಮ ಎಂದೇ ನಾನು ಭಾವಿಸುತ್ತೇನೆ. ಮಂಡಿಯಲ್ಲಿ ಕಮಿಷನ್ ಬೇಡ ಎಂದು ದೊಡ್ಡದಾಗಿ ಹೇಳಿ, ಕ್ವಿಂಟಲ್ ಕಾಳಿಗೆ ಮೂರು ಕೆಜಿ ಕಡಿಮೆ ತೂಗಿದರೆ ರೈತ ಅದನ್ನು ಕಮಿಷನ್ ಎಂದೇ ಕರೆಯುತ್ತಾನೆ.

ಈಗ ಒಂದು ಲೆಕ್ಕ ಮಾಡೋಣ. ಇಲ್ಲಿನ ಮಾರಾಟಗಾರ್ತಿ ನಾನು ಉದಾಹರಣೆಗೆಂದು ಕಲ್ಪಿಸಿಕೊಂಡವರು. ದರಗಳನ್ನೂ ಲೆಕ್ಕಕ್ಕೆ ಸುಲಭವಾಗಲೆಂದು ನಾನೇ ಇಟ್ಟುಕೊಂಡಿದ್ದೇನೆ. ಚನ್ನಪಟ್ಟಣದಲ್ಲಿ ಆರು ಜನ ಕುಶಲಕರ್ಮಿಗಳಿಂದ ಅರಗಿನ ಬಣ್ಣದ ಮರದ ಆಟಿಕೆ ಮಾಡಿಸಿ, ವಿದೇಶಿ ಗ್ರಾಹಕರಿಗೆ ಆನ್‌ಲೈನಿನಲ್ಲಿ ಮಾರುವ ಮಹಿಳೆ ಅವರು. ಕಮಿಷನ್, ಜಾಹೀರಾತು ಎಲ್ಲ ಕಳೆದು ಒಂದು ತಿಂಗಳಿಗೆ ಅವರ ಹೆಸರಿನಲ್ಲಿ ಉಳಿದದ್ದು 1,000 ಡಾಲರ್. ಅಂದಿನ ರೆಫರೆನ್ಸ್ ದರ 85 ರೂಪಾಯಿ. ಮನಸ್ಸಿನಲ್ಲಿ ಅವರು 85,000 ರೂಪಾಯಿ ಎಂದು ಎಣಿಸಿಕೊಂಡಿರುತ್ತಾರೆ. ಪಾವತಿ ಸಂಸ್ಥೆಯ ಮಾರ್ಜಿನ್ ಶೇಕಡಾ 3 ಆಗಿದ್ದರೆ ಅದು ಕೊಡುವ ದರ 82 ರೂಪಾಯಿ 45 ಪೈಸೆ. ಖಾತೆಗೆ ಬೀಳುವುದು 82,450 ರೂಪಾಯಿ. ಹೋದದ್ದು 2,550.

ಶೇಕಡಾ 3 ಎಂದರೆ ಅಷ್ಟೇನೂ ದೊಡ್ಡದಲ್ಲ ಎನಿಸಬಹುದು. ಆದರೆ ಈ 3 ಯಾವುದರ ಮೇಲೆ ಎಂಬುದನ್ನು ನೋಡಬೇಕು. ಮಾರ್ಜಿನ್ ತೆಗೆಯುವುದು ಬಂದ ಪೂರ್ತಿ ಹಣದ ಮೇಲೆ, ಲಾಭದ ಮೇಲಲ್ಲ. ನಮ್ಮ ಮಾರಾಟಗಾರ್ತಿ ಮರಕ್ಕೆ, ಅರಗಿಗೆ, ಕೂಲಿಗೆ, ಪ್ಯಾಕಿಂಗಿಗೆ, ಕೊರಿಯರ್‌ಗೆ ಆ ತಿಂಗಳು 70,000 ರೂಪಾಯಿ ಆಗಲೇ ಖರ್ಚು ಮಾಡಿದ್ದಾರೆ ಎಂದಿಟ್ಟುಕೊಳ್ಳಿ. ಅವರು ಎಣಿಸಿದ್ದ ಲಾಭ 15,000. ಕೈಗೆ ಬಂದದ್ದು 12,450. ಅಲ್ಲಿಗೆ ಲಾಭದಲ್ಲಿ ಶೇಕಡಾ 17 ಹೋಯಿತು. ವ್ಯಾಪಾರದ ಮಾರ್ಜಿನ್ ಎಷ್ಟು ತೆಳುವೋ ಈ ಏಟು ಅಷ್ಟು ಜೋರು. ಕೈಕಸುಬಿನ ಸರಕು ಮಾರುವವರ ಲಾಭ ಹೆಚ್ಚಾಗಿ ತೆಳುವೇ. ಕುಶಲಕರ್ಮಿಯ ಕೂಲಿಯನ್ನು ಗೊಂಬೆಗೆ ಎರಡು ರೂಪಾಯಿ ಏರಿಸಲು ಆಗುತ್ತಿಲ್ಲ ಎಂದು ಕೊರಗುವ ಮಾರಾಟಗಾರರನ್ನು ನಾನು ಬಲ್ಲೆ. ಆ ಎರಡು ರೂಪಾಯಿ ಎಲ್ಲಿ ಹೋಗುತ್ತಿದೆ ಎಂದು ಹುಡುಕಿದರೆ ಒಂದು ಪಾಲು ಇಲ್ಲಿ ಸಿಗುತ್ತದೆ.

ಈ ಕಡಿತವನ್ನು ಕಂಡುಹಿಡಿಯಲು ಬೇಕಾದದ್ದು ಮೂರು ಅಂಕಿ. ಸೆಟಲ್‌ಮೆಂಟ್ ವರದಿಯಲ್ಲಿ ಎಲ್ಲ ಶುಲ್ಕ ಕಳೆದು ಉಳಿದ ಡಾಲರ್ ಮೊತ್ತ ಒಂದು. ಬ್ಯಾಂಕ್ ಖಾತೆಗೆ ಜಮೆಯಾದ ರೂಪಾಯಿ ಇನ್ನೊಂದು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ನಿಮಗೆ ನಿಜವಾಗಿ ಸಿಕ್ಕ ದರ ಗೊತ್ತಾಗುತ್ತದೆ. ಮೂರನೆಯ ಅಂಕಿ ಆ ದಿನದ ರೆಫರೆನ್ಸ್ ದರ. ಇಲ್ಲಿ ಒಂದು ಎಚ್ಚರ ಬೇಕು. ಹಣ ಬ್ಯಾಂಕಿಗೆ ಬಂದ ದಿನದ ದರವನ್ನಲ್ಲ, ಪರಿವರ್ತನೆ ನಡೆದ ದಿನದ ದರವನ್ನು ತೆಗೆದುಕೊಳ್ಳಬೇಕು. ಹಲವು ವೇಳೆ ಡಾಲರು ರೂಪಾಯಿಯಾಗಿ ಎರಡು ಮೂರು ದಿನಗಳ ಮೇಲೆ ಖಾತೆಗೆ ಬರುತ್ತದೆ, ನಡುವೆ ಶನಿವಾರ ಭಾನುವಾರವಿದ್ದರೆ ಇನ್ನೂ ತಡ. ಪಾವತಿ ಸಂಸ್ಥೆಯ ಖಾತೆಯಲ್ಲಿ ವಿತ್‌ಡ್ರಾ ದಾಖಲೆಯನ್ನು ತೆರೆದರೆ ಪರಿವರ್ತನೆಯ ತಾರೀಖು ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಒಂದು ಪಾವತಿಯನ್ನು ನೋಡಿ ತೀರ್ಮಾನಕ್ಕೆ ಬರಬಾರದು. ರೆಫರೆನ್ಸ್ ದರ ದಿನದ ಒಂದು ಹೊತ್ತಿನ ಚಿತ್ರ, ನಿಮ್ಮ ಹಣ ಬದಲಾದ ಗಳಿಗೆಯಲ್ಲಿ ಮಾರುಕಟ್ಟೆ ಅದಕ್ಕಿಂತ ಹತ್ತಿಪ್ಪತ್ತು ಪೈಸೆ ಮೇಲೋ ಕೆಳಗೋ ಇದ್ದಿರಬಹುದು. ಆದ್ದರಿಂದ ನಾಲ್ಕೈದು ಪಾವತಿಗಳನ್ನು ಸಾಲಾಗಿ ಬರೆದು ನೋಡಬೇಕು. ನಮ್ಮ ಉದಾಹರಣೆಯ ಮಾರಾಟಗಾರ್ತಿ ಮೂರು ತಿಂಗಳ ಹಾಳೆ ತೆಗೆದರು ಎನ್ನೋಣ. ಮೊದಲ ತಿಂಗಳು ರೆಫರೆನ್ಸ್ ದರ 84.60, ಅವರಿಗೆ ಸಿಕ್ಕಿದ್ದು 82.06. ಎರಡನೆಯ ತಿಂಗಳು 85.20, ಸಿಕ್ಕಿದ್ದು 82.64. ಮೂರನೆಯ ತಿಂಗಳು 84.90, ಸಿಕ್ಕಿದ್ದು 82.35. ರೂಪಾಯಿ ಬಿದ್ದಿದೆ, ಮತ್ತೆ ಸ್ವಲ್ಪ ಎದ್ದಿದೆ. ಆದರೆ ಅಂತರ ಮಾತ್ರ 2.54, 2.56, 2.55 ಎಂದು ಅಲುಗಾಡದೆ ನಿಂತಿದೆ. ಮಾರುಕಟ್ಟೆಯ ಏರಿಳಿತವಾಗಿದ್ದರೆ ಒಂದು ತಿಂಗಳು ನಷ್ಟ, ಇನ್ನೊಂದು ತಿಂಗಳು ಲಾಭ ಕಾಣಬೇಕಿತ್ತು. ಒಂದೇ ಕಡೆಗೆ, ಒಂದೇ ಪ್ರಮಾಣದಲ್ಲಿ ವಾಲಿರುವುದು ಮಾರ್ಜಿನ್. "ಅವತ್ತು ರೇಟ್ ಕಮ್ಮಿ ಇತ್ತೇನೋ" ಎಂಬ ಸಮಾಧಾನ ಈ ಮೂರು ಸಾಲಿನ ಮುಂದೆ ನಿಲ್ಲುವುದಿಲ್ಲ.

ಅಂತರ ಇದ್ದಕ್ಕಿದ್ದಂತೆ ಶೇಕಡಾ 5 ದಾಟಿದರೆ ಇನ್ನೊಂದು ಸಂಗತಿಯನ್ನು ಅನುಮಾನಿಸಬೇಕು: ಹಣ ಎರಡು ಸಲ ಬದಲಾಗಿರಬಹುದು. ಲಂಡನ್ನಿನ ಗ್ರಾಹಕರೊಬ್ಬರು ಪೌಂಡಿನಲ್ಲಿ ಕೊಡುತ್ತಾರೆ. ಮಾರಾಟಗಾರ್ತಿ ತಮ್ಮ ಅಂಗಡಿಯ ಬೆಲೆಗಳನ್ನು ಡಾಲರಿನಲ್ಲಿ ಇಟ್ಟಿದ್ದಾರೆ, ಖಾತೆಯೂ ಡಾಲರಿನದೇ. ಆದ್ದರಿಂದ ಪೌಂಡು ಮೊದಲು ಡಾಲರಾಗುತ್ತದೆ, ಆಮೇಲೆ ಡಾಲರು ರೂಪಾಯಿಯಾಗುತ್ತದೆ. ಮೊದಲ ಮೆಟ್ಟಿಲಲ್ಲಿ ಶೇಕಡಾ 2.5, ಎರಡನೆಯದರಲ್ಲಿ 3 ಹೋದರೆ ನೂರು ಪೌಂಡಿನಲ್ಲಿ ತೊಂಬತ್ತನಾಲ್ಕೂವರೆ ಪೌಂಡಿನಷ್ಟು ಮಾತ್ರ ಉಳಿಯುತ್ತದೆ. ಪೌಂಡಿಗೆ 110 ರೂಪಾಯಿ ಎಂದು ಹಿಡಿದರೆ 11,000 ರೂಪಾಯಿ ಬರಬೇಕಿದ್ದಲ್ಲಿ ಬರುವುದು 10,400ರ ಆಸುಪಾಸು. ಇಲ್ಲಿ ತೊಡಕು ಇನ್ನೂ ಹೆಚ್ಚು, ಏಕೆಂದರೆ ಮಾರಾಟಗಾರ್ತಿ ನೋಡುವ ವರದಿ ಡಾಲರಿನಿಂದ ಶುರುವಾಗುತ್ತದೆ. ಗ್ರಾಹಕರು ಪೌಂಡಿನಲ್ಲಿ ಎಷ್ಟು ಕೊಟ್ಟರು ಎಂಬುದು ಆರ್ಡರಿನ ವಿವರದೊಳಗೆ ಹೋಗಿ ಹುಡುಕಿದರೆ ಮಾತ್ರ ಸಿಗುತ್ತದೆ. ಬ್ರಿಟನ್ನಿಗೆ ಹೆಚ್ಚು ಮಾರುವವರು ಪೌಂಡಿನಲ್ಲೇ ಹಣ ಪಡೆದು, ಅಲ್ಲಿಂದ ನೇರ ರೂಪಾಯಿಗೆ ಬದಲಿಸುವ ದಾರಿ ಇದೆಯೇ ಎಂದು ವಿಚಾರಿಸುವುದು ಇದಕ್ಕಾಗಿಯೇ.

ವಾಪಸು ಬಂದ ಸರಕಿನ ವಿಷಯ ಇನ್ನೂ ನೋವಿನದು. ಗ್ರಾಹಕರು 60 ಡಾಲರಿನ ಆಟಿಕೆಯನ್ನು ಹಿಂದಿರುಗಿಸಿ ಹಣ ಕೇಳುತ್ತಾರೆ. ಮಾರಾಟಗಾರ್ತಿಗೆ ಆ 60 ಡಾಲರ್ ಬಂದಾಗ 82.45ರ ದರದಲ್ಲಿ 4,947 ರೂಪಾಯಿ ಸಿಕ್ಕಿತ್ತು. ಪಾವತಿ ಖಾತೆಯಲ್ಲಿ ಡಾಲರ್ ಉಳಿದಿದ್ದರೆ ಅದರಿಂದಲೇ ಹಿಂದಿರುಗಿಸಬಹುದು, ಪರಿವರ್ತನೆಯ ಮಾತೇ ಬರುವುದಿಲ್ಲ. ಉಳಿದಿಲ್ಲದಿದ್ದರೆ, ರೂಪಾಯಿ ಕೊಟ್ಟು ಡಾಲರ್ ಕೊಳ್ಳಬೇಕಾದರೆ, ಆಗ ಮಾರ್ಜಿನ್ ತಿರುಗಿಬೀಳುತ್ತದೆ. 85ಕ್ಕೆ ಶೇಕಡಾ 3 ಸೇರಿಸಿ 87.55ರ ದರ ಎಂದರೆ 5,253 ರೂಪಾಯಿ. ಮಾರಾಟವೇ ಆಗದ ವಸ್ತುವಿನ ಮೇಲೆ 306 ರೂಪಾಯಿ ಬರೀ ಹಣ ಹೋಗಿಬಂದದ್ದಕ್ಕೆ ಹೋಯಿತು. ಸಾಗಣೆಯ ನಷ್ಟ ಇದರ ಮೇಲಿನದು.

ಹಾಗಾದರೆ ಡಾಲರನ್ನು ಬದಲಿಸದೆ ಪಾವತಿ ಖಾತೆಯಲ್ಲೇ ಇಟ್ಟುಕೊಂಡು, ದರ ಚೆನ್ನಾಗಿರುವಾಗ ತೆಗೆಯಬಾರದೇ ಎಂದು ಕೇಳುವವರಿದ್ದಾರೆ. ಅಮೆರಿಕದಲ್ಲಿರುವ ನಮ್ಮವರು ಹಾಗೆ ಮಾಡಬಲ್ಲರು. ಭಾರತದಲ್ಲಿ ಕುಳಿತು ಮಾರುವವರಿಗೆ ಆ ಸ್ವಾತಂತ್ರ್ಯ ಕಡಿಮೆ. ರಫ್ತಿನಿಂದ ಬಂದ ವಿದೇಶಿ ಹಣ ದೇಶಕ್ಕೆ ಬರಲೇಬೇಕು ಎಂಬುದು ನಮ್ಮ ವಿದೇಶಿ ವಿನಿಮಯ ಕಾನೂನಿನ ಮೂಲ ನಿಯಮ. ಆನ್‌ಲೈನ್ ಪಾವತಿ ಸಂಸ್ಥೆಗಳ ಮೂಲಕ ಸಣ್ಣ ರಫ್ತುದಾರರು ಹಣ ಪಡೆಯಲು ರಿಸರ್ವ್ ಬ್ಯಾಂಕ್ 2010ರಲ್ಲಿ ಮೊದಲ ನಿಯಮ ತಂದಾಗ ಒಂದು ವ್ಯವಹಾರಕ್ಕೆ 500 ಡಾಲರಿನ ಮಿತಿ ಇತ್ತು. ಮುಂದೆ ಅದು 3,000ಕ್ಕೂ 2013ರಲ್ಲಿ 10,000 ಡಾಲರಿಗೂ ಏರಿತು. 2023ರ ಅಕ್ಟೋಬರ್ ಕೊನೆಯಲ್ಲಿ ಹಳೆಯ ವ್ಯವಸ್ಥೆಯನ್ನು ಬದಲಿಸಿ, ಗಡಿಯಾಚೆಯ ಪಾವತಿ ಸಂಗ್ರಾಹಕರು ಎಂಬ ಹೊಸ ವರ್ಗವನ್ನು ನೇರವಾಗಿ ತನ್ನ ನಿಯಂತ್ರಣಕ್ಕೆ ತಂದುಕೊಂಡ ರಿಸರ್ವ್ ಬ್ಯಾಂಕ್, ಒಂದು ಸರಕು ಅಥವಾ ಸೇವೆಗೆ 25 ಲಕ್ಷ ರೂಪಾಯಿವರೆಗಿನ ಮಿತಿ ಇಟ್ಟಿತು. ಈ ಚೌಕಟ್ಟಿನಲ್ಲಿ ಸಂಗ್ರಾಹಕರ ಬಳಿ ಹಣ ಬಹಳ ದಿನ ನಿಲ್ಲುವಂತಿಲ್ಲ. ಭಾರತದ ಪೇಪಾಲ್ ಖಾತೆಗಳಲ್ಲಿ ಉಳಿದ ಹಣ ಪ್ರತಿದಿನ ತಾನಾಗಿಯೇ ಬ್ಯಾಂಕಿಗೆ ಹೋಗುವಂತೆ ಏರ್ಪಾಡಿರುವುದು ಇದರಿಂದಲೇ.

ಮಾರಾಟಗಾರರ ಹಣ ಎಲ್ಲೋ ಸಿಕ್ಕಿಹಾಕಿಕೊಳ್ಳದಂತೆ ನೋಡಿಕೊಳ್ಳುವ ಒಳ್ಳೆಯ ನಿಯಮವಿದು. ಆದರೆ ಇದರ ಅಡ್ಡಪರಿಣಾಮ ಯಾರ ಕಣ್ಣಿಗೂ ಬಿದ್ದಂತಿಲ್ಲ. ಬದಲಿಸುವ ದಿನವನ್ನು ಆರಿಸಿಕೊಳ್ಳುವ ಅವಕಾಶ ಹೋಯಿತು. ಹಣ ಬದಲಿಸುವ ಸಂಸ್ಥೆಯೇ ಹಣ ಸಂಗ್ರಹಿಸುವ ಸಂಸ್ಥೆಯೂ ಆಗಿದ್ದರೆ, ಬೇರೆಯವರ ಬಳಿ ದರ ಕೇಳುವ ಅವಕಾಶವೂ ಹೋಯಿತು. ಆಯ್ಕೆಯೇ ಇಲ್ಲದ ಕಡೆ ಮಾರ್ಜಿನ್ ಇಳಿಯಲು ಕಾರಣವೇ ಇರುವುದಿಲ್ಲ. ಇಂಥ ಕಡೆ ಕನಿಷ್ಠ ದರವನ್ನಾದರೂ ಬಿಚ್ಚಿ ತೋರಿಸಬೇಕು. ಯುರೋಪಿಯನ್ ಒಕ್ಕೂಟ 2019ರಲ್ಲಿ ತಂದ ನಿಯಮದಂತೆ, ಕಾರ್ಡ್ ಪಾವತಿಯಲ್ಲಿ ಕರೆನ್ಸಿ ಬದಲಿಸುವವರು ತಮ್ಮ ಶುಲ್ಕವನ್ನು ಯುರೋಪಿನ ಕೇಂದ್ರ ಬ್ಯಾಂಕಿನ ರೆಫರೆನ್ಸ್ ದರಕ್ಕಿಂತ ಶೇಕಡಾ ಎಷ್ಟು ಹೆಚ್ಚು ಎಂದು ಮೊದಲೇ ತೋರಿಸಬೇಕು. ಅದು ಕೊಳ್ಳುವವರನ್ನು ಕಾಯಲು ಬಂದ ನಿಯಮ, ಮಾರುವವರ ಪಾವತಿಗೆ ಅನ್ವಯಿಸುವುದಿಲ್ಲ. ಆದರೂ ದಾರಿ ತೋರಿಸುತ್ತದೆ. ನಮ್ಮಲ್ಲಿ ಎಫ್‌ಬಿಐಎಲ್ ದರ ಕೈಯಲ್ಲೇ ಇದೆ. ಪ್ರತಿ ಪಾವತಿಯ ಜೊತೆಗೆ ಆ ದಿನದ ರೆಫರೆನ್ಸ್ ದರ ಇಷ್ಟು, ನಿಮಗೆ ಕೊಟ್ಟದ್ದು ಇಷ್ಟು, ಅಂತರ ಇಷ್ಟು ರೂಪಾಯಿ ಎಂದು ಒಂದು ಸಾಲು ಸೇರಿಸುವುದು ಯಾವ ಸಂಸ್ಥೆಗೂ ಭಾರವಾಗದು. ಈ ಒಂದು ಸಾಲಿಗಾಗಿ ಸಣ್ಣ ರಫ್ತುದಾರರ ಸಂಘಗಳು ಗಟ್ಟಿಯಾಗಿ ಕೇಳಬೇಕು.

ಅದು ಬರುವವರೆಗೆ ಮಾರಾಟಗಾರರ ಮುಂದಿರುವ ಇನ್ನೊಂದು ದಾರಿ, ಡಾಲರನ್ನು ಡಾಲರಾಗಿಯೇ ಬ್ಯಾಂಕಿಗೆ ತರಿಸಿಕೊಂಡು ಬ್ಯಾಂಕಿನಲ್ಲಿ ಬದಲಿಸುವುದು. ಎಲ್ಲ ಮಾರುಕಟ್ಟೆಗಳೂ ಇದಕ್ಕೆ ಅವಕಾಶ ಕೊಡುವುದಿಲ್ಲ. ಕೊಡುವ ಕಡೆಯೂ ಇದು ತಾನಾಗಿಯೇ ಅಗ್ಗವಾಗುವುದಿಲ್ಲ. ಇಲ್ಲಿ ಅನೇಕರು ಎಡವುತ್ತಾರೆ.

ಬ್ಯಾಂಕಿನ ಶಾಖೆಯಲ್ಲಿ ದಿನದ ಕಾರ್ಡ್ ದರ ಎಂದು ಒಂದು ಪಟ್ಟಿ ಇರುತ್ತದೆ. ಸ್ಟೇಟ್ ಬ್ಯಾಂಕ್ ಇದನ್ನು ಪ್ರತಿದಿನ ಪ್ರಕಟಿಸುತ್ತದೆ. ಅದರಲ್ಲಿ ಹಲವು ಅಂಕಣಗಳಿವೆ. ವಿದೇಶದಿಂದ ಖಾತೆಗೆ ಬರುವ ಹಣಕ್ಕೆ ಅನ್ವಯಿಸುವುದು `TT BUY` ಎಂಬ ಅಂಕಣ. ನೋಟು ಬದಲಿಸುವವರ ದರ ಬೇರೆ, ಬಿಲ್ಲಿನ ದರ ಬೇರೆ, ಅವು ಇದಕ್ಕಿಂತ ಕೆಳಗಿರುತ್ತವೆ. ನಮ್ಮ ಉದಾಹರಣೆಯಲ್ಲಿ ರೆಫರೆನ್ಸ್ ದರ 85 ಇದ್ದಾಗ ಟಿಟಿ ಕೊಳ್ಳುವ ದರ 84.60 ಎಂದುಕೊಳ್ಳೋಣ. ಡಾಲರಿಗೆ 40 ಪೈಸೆ ಅಂತರ, ಅಂದರೆ ಶೇಕಡಾ ಅರ್ಧಕ್ಕಿಂತ ಕಡಿಮೆ. ನೋಡಲು ಬಹಳ ಚೆನ್ನಾಗಿದೆ. ಆದರೆ ದಾರಿಯಲ್ಲಿ ನಿಂತ ಮಧ್ಯದ ಬ್ಯಾಂಕು ತನ್ನ ಪಾಲು ತೆಗೆದುಕೊಳ್ಳಬಹುದು, ಅದನ್ನು 15 ಡಾಲರ್ ಎಂದಿಡೋಣ. ಸಾವಿರದಲ್ಲಿ ತಲುಪುವುದು 985. ಅದು 84.60ರ ದರದಲ್ಲಿ 83,331 ರೂಪಾಯಿ. ಕರೆನ್ಸಿ ಬದಲಿಸುವ ಸೇವೆಗೆ ಜಿಎಸ್‌ಟಿ ಇದೆ. ಒಂದು ಲಕ್ಷದವರೆಗಿನ ಮೊತ್ತದಲ್ಲಿ ಶೇಕಡಾ 1 ಅನ್ನು, ಕನಿಷ್ಠ 250 ರೂಪಾಯಿಯನ್ನು, ಸೇವೆಯ ಬೆಲೆ ಎಂದು ಹಿಡಿದು ಅದರ ಮೇಲೆ ಶೇಕಡಾ 18 ತೆರಿಗೆ. ಇಲ್ಲಿ ಅದು 150 ರೂಪಾಯಿ. ಬ್ಯಾಂಕಿನ ಸೇವಾಶುಲ್ಕ ಮತ್ತು ಹಣ ಬಂದದ್ದಕ್ಕೆ ಕೊಡುವ ಪ್ರಮಾಣಪತ್ರದ ಶುಲ್ಕ ಸೇರಿ 250 ಎಂದರೆ ಕೊನೆಗೆ ಉಳಿಯುವುದು 82,931. ಪಾವತಿ ಸಂಸ್ಥೆ ಕೊಟ್ಟ 82,450ಕ್ಕೆ ಹೋಲಿಸಿದರೆ ಉಳಿತಾಯ ಐನೂರು ರೂಪಾಯಿಯೂ ಇಲ್ಲ. ಇದಕ್ಕಾಗಿ ಬ್ಯಾಂಕಿಗೆ ಅಲೆದದ್ದು, ಫಾರಂ ತುಂಬಿದ್ದು ಬೇರೆ.

ಅದೇ ಮಾರಾಟಗಾರ್ತಿ ಐದು ತಿಂಗಳ ಹಣವನ್ನು ಒಟ್ಟಿಗೆ, 5,000 ಡಾಲರಾಗಿ ತರಿಸಿಕೊಂಡರೆ ಚಿತ್ರ ಪೂರ್ತಿ ಬದಲಾಗುತ್ತದೆ. ಮಧ್ಯದ ಬ್ಯಾಂಕು ತೆಗೆಯುವುದು ಅದೇ 15 ಡಾಲರ್. ಉಳಿದ 4,985 ಡಾಲರಿಗೆ 4,21,731 ರೂಪಾಯಿ. ಜಿಎಸ್‌ಟಿ 470, ಸೇವಾಶುಲ್ಕ 250 ಕಳೆದರೆ 4,21,011. ಪಾವತಿ ಸಂಸ್ಥೆಯ ಶೇಕಡಾ 3ರ ದಾರಿಯಲ್ಲಿ ಬರುತ್ತಿದ್ದದ್ದು 4,12,250. ವ್ಯತ್ಯಾಸ ಎಂಟೂಮುಕ್ಕಾಲು ಸಾವಿರ. ಶೇಕಡಾವಾರು ಕಡಿತ ಮೊತ್ತದ ಜೊತೆ ಬೆಳೆಯುತ್ತದೆ, ಇಷ್ಟೇ ಎಂದು ನಿಗದಿಯಾದ ಶುಲ್ಕ ಬೆಳೆಯುವುದಿಲ್ಲ. ಸಣ್ಣ ಮೊತ್ತವನ್ನು ನಿಗದಿ ಶುಲ್ಕ ತಿನ್ನುತ್ತದೆ, ದೊಡ್ಡ ಮೊತ್ತವನ್ನು ಮಾರ್ಜಿನ್ ತಿನ್ನುತ್ತದೆ. ಎಷ್ಟು ಡಾಲರಿನ ಮೇಲೆ ಬ್ಯಾಂಕಿನ ದಾರಿ ಲಾಭ ಎಂಬುದು ಒಬ್ಬೊಬ್ಬರಿಗೆ ಒಂದೊಂದು. ತಮ್ಮ ಬ್ಯಾಂಕಿನ ಶುಲ್ಕಗಳನ್ನು ಇಟ್ಟುಕೊಂಡು ಮೇಲಿನ ಲೆಕ್ಕವನ್ನೇ ಒಂದು ಸಲ ಮಾಡಿದರೆ ಗೊತ್ತಾಗುತ್ತದೆ. ಹಾಗೆಂದು ಐದು ತಿಂಗಳು ಹಣ ಕಾಯಿಸುವುದು ಎಲ್ಲರಿಗೂ ಆಗದು. ಮಾರುಕಟ್ಟೆಯ ನಿಯಮ ಬಿಡಬೇಕು, ಕುಶಲಕರ್ಮಿಗಳ ಕೂಲಿಗೆ ಬೇರೆ ಹಣವೂ ಕೈಯಲ್ಲಿರಬೇಕು.

ಬ್ಯಾಂಕಿನಲ್ಲಿ ಇಇಎಫ್‌ಸಿ ಎಂಬ ಖಾತೆ ತೆರೆದರೆ ರಫ್ತಿನ ಡಾಲರನ್ನು ಸ್ವಲ್ಪ ಕಾಲ ಡಾಲರಾಗಿಯೇ ಇಟ್ಟುಕೊಳ್ಳಬಹುದು. ಬಡ್ಡಿ ಇರುವುದಿಲ್ಲ. ಒಂದು ತಿಂಗಳಲ್ಲಿ ಬಂದದ್ದನ್ನು, ವಿದೇಶಿ ಖರ್ಚಿಗೆ ಬಳಸಿಕೊಂಡದ್ದು ಬಿಟ್ಟು, ಮುಂದಿನ ತಿಂಗಳ ಕೊನೆಯೊಳಗೆ ರೂಪಾಯಿಗೆ ಬದಲಿಸಬೇಕು. ದರ ಏರೀತೆಂದು ಕಾಯುವ ಜೂಜಿಗಾಗಿ ಇದನ್ನು ನಾನು ಹೇಳುತ್ತಿಲ್ಲ. ವಿದೇಶಿ ಜಾಹೀರಾತಿಗೆ, ಸಾಫ್ಟ್‌ವೇರ್ ಬಾಡಿಗೆಗೆ ಡಾಲರಿನಲ್ಲಿ ಖರ್ಚು ಮಾಡುವವರು ಬಂದ ಡಾಲರಿನಿಂದಲೇ ಅದನ್ನು ಕೊಟ್ಟರೆ ಎರಡೂ ಕಡೆಯ ಪರಿವರ್ತನೆ ತಪ್ಪುತ್ತದೆ. ಈ ಖಾತೆಯ ನಿಜವಾದ ಉಪಯೋಗ ಅಲ್ಲಿದೆ.

ಲೆಕ್ಕ ಬರೆಯುವ ರೀತಿಯಲ್ಲೂ ಈ ಕಡಿತ ಅಡಗಿಕೊಳ್ಳುತ್ತದೆ. ಅನೇಕರು ಬ್ಯಾಂಕಿಗೆ ಬಂದ 82,450 ರೂಪಾಯಿಯನ್ನೇ ಮಾರಾಟ ಎಂದು ಬರೆದುಬಿಡುತ್ತಾರೆ. ಆಗ ಕಮಿಷನ್ನೂ ಕಾಣುವುದಿಲ್ಲ, ಮಾರ್ಜಿನ್ನೂ ಕಾಣುವುದಿಲ್ಲ. ಕಸ್ಟಮ್ಸ್ ದಾಖಲೆಯಲ್ಲಿ ತೋರಿಸಿದ ಸರಕಿನ ಬೆಲೆಗೂ ಪುಸ್ತಕದ ಮಾರಾಟಕ್ಕೂ ತಾಳೆಯಾಗದೆ, ಜಿಎಸ್‌ಟಿ ಮರುಪಾವತಿಯ ಹೊತ್ತಿಗೆ ಪತ್ರಗಳು ಬರತೊಡಗುತ್ತವೆ. ಗ್ರಾಹಕರು ಕೊಟ್ಟ ಪೂರ್ತಿ ಬೆಲೆಯನ್ನು ಮಾರಾಟ ಎಂದು ಬರೆದು, ಮಾರುಕಟ್ಟೆಯ ಶುಲ್ಕವನ್ನು ಒಂದು ಖರ್ಚಾಗಿ, ರೆಫರೆನ್ಸ್ ದರಕ್ಕೂ ಸಿಕ್ಕ ದರಕ್ಕೂ ಇರುವ ಅಂತರವನ್ನು ಇನ್ನೊಂದು ಖರ್ಚಾಗಿ ತಮ್ಮದೇ ಹಾಳೆಯಲ್ಲಿ ಬೇರೆ ಅಂಕಣ ಮಾಡಿ ಬರೆದಿಟ್ಟರೆ ವರ್ಷದ ಕೊನೆಗೆ ಮೊತ್ತ ಎದುರಿಗಿರುತ್ತದೆ. ತಿಂಗಳಿಗೆ 2,550 ಎಂದರೆ ವರ್ಷಕ್ಕೆ 30,600 ರೂಪಾಯಿ. ಅದನ್ನು ತೆರಿಗೆ ಲೆಕ್ಕದಲ್ಲಿ ಹೇಗೆ ತೋರಿಸಬೇಕೆಂದು ಲೆಕ್ಕಪರಿಶೋಧಕರು ಹೇಳುತ್ತಾರೆ.

ಆ ಅಂಕಿಯನ್ನು ಹಿಡಿದುಕೊಂಡು ಬ್ಯಾಂಕಿಗೆ ಹೋಗುವುದೂ ಸುಲಭ. ಕಾರ್ಡ್ ದರ ಎನ್ನುವುದು ಏನೂ ಕೇಳದೆ ಬಂದವರಿಗೆ ಕೊಡುವ ದರ. ಮೊತ್ತ ಸ್ವಲ್ಪ ದೊಡ್ಡದಿದ್ದರೆ, ಅಥವಾ ತಿಂಗಳು ತಿಂಗಳೂ ಬರುವುದಾದರೆ, ಶಾಖೆಯವರು ತಮ್ಮ ಟ್ರೆಷರಿ ವಿಭಾಗಕ್ಕೆ ಕರೆ ಮಾಡಿ ಅದಕ್ಕಿಂತ ಒಳ್ಳೆಯ ದರ ತರಿಸಿಕೊಡಬಲ್ಲರು. ಬ್ಯಾಂಕುಗಳ ಸಗಟು ದರದ ಸಮೀಪದಲ್ಲೇ ಸಾಮಾನ್ಯ ಗ್ರಾಹಕರೂ ಡಾಲರ್ ಮಾರಲೆಂದು ಸಿಸಿಐಎಲ್ ಸಂಸ್ಥೆ 2019ರ ಆಗಸ್ಟಿನಲ್ಲಿ ಎಫ್‌ಎಕ್ಸ್-ರೀಟೇಲ್ ಎಂಬ ವೇದಿಕೆಯನ್ನೂ ಆರಂಭಿಸಿದೆ. ಅದಕ್ಕೆ ಬ್ಯಾಂಕಿನ ಮೂಲಕವೇ ಸೇರಬೇಕು, ಬ್ಯಾಂಕು ತನ್ನ ಶುಲ್ಕವನ್ನು ಮೊದಲೇ ತಿಳಿಸಬೇಕು. ಶಾಖೆಯಲ್ಲಿ ಇದರ ಹೆಸರು ಕೇಳಿರದವರು ಸಿಕ್ಕರೆ ವಿದೇಶಿ ವಿನಿಮಯ ನೋಡಿಕೊಳ್ಳುವ ದೊಡ್ಡ ಶಾಖೆಗೆ ಹೋಗಿ ವಿಚಾರಿಸಬೇಕು. ಹಣ ಬದಲಿಸುವ ಮುಂಚೆ ಕೇಳಬೇಕಾದದ್ದು ಮೂರು ಮಾತು: ಈ ಮೊತ್ತಕ್ಕೆ ನೀವು ಹಾಕುವುದು ಕಾರ್ಡ್ ದರವೋ ಮಾತಾಡಿಕೊಂಡ ದರವೋ, ಈ ಗಳಿಗೆಯ ಮಾರುಕಟ್ಟೆ ದರಕ್ಕಿಂತ ಅದು ಎಷ್ಟು ಪೈಸೆ ಕೆಳಗಿದೆ, ದರ ಬಿಟ್ಟು ಬೇರೆ ಏನೇನು ಕಳೆಯುತ್ತೀರಿ. ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಂಡರೆ, ಹಣ ಜಮೆಯಾದ ದಿನ ರೂಪಾಯಿಯನ್ನು ಡಾಲರಿನಿಂದ ಭಾಗಿಸಿ ತಾಳೆ ನೋಡಬಹುದು.